600 ಪರ್ಸೆಂಟ್ ಏರಿಕೆ, ಅದರ ಹಿಂದಿನ 9 ಕೆಜಿ

ಚಿಕ್ಕಮಗಳೂರಿನ ಒಂದು ಕಾಫಿ ಪುಡಿ ಕಂಪನಿಯಲ್ಲಿ ಮಾರಾಟದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಬೀಜ ಹುರಿಯುತ್ತೇವೆ, ಪುಡಿ ಮಾಡುತ್ತೇವೆ, ಪ್ಯಾಕ್ ಮಾಡಿ ಊರಿನ ಅಂಗಡಿಗಳಿಗೂ ಕಡೂರು, ಮೂಡಿಗೆರೆ, ಹಾಸನ, ಸಕಲೇಶಪುರದ ಕಡೆಗೂ ಕಳಿಸುತ್ತೇವೆ. ಮೂರು ತಿಂಗಳಿಗೊಮ್ಮೆ ಮೀಟಿಂಗ್. ಅದಕ್ಕೆ ನಾನು ಮಾಡಿಕೊಡುವ ಶೀಟಿನಲ್ಲಿ ಮೂರು ಕಾಲಂ: ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು, ಶೇಕಡಾ ಎಷ್ಟು ಏರಿತು.

ಎಲ್ಲರ ಕಣ್ಣು ಮೊದಲು ಹೋಗುವುದು ಮೂರನೆಯ ಕಾಲಂಗೆ. ಅದರಲ್ಲೂ ಯಾರಾದರೂ ಆ ಕಾಲಂ ಹಿಡಿದು ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿದರೆ ಮುಗಿಯಿತು. ನಮ್ಮ ಅತಿ ಸಣ್ಣ ಐಟಂಗಳೆಲ್ಲ ಮೇಲೆ ಬಂದು ಕೂರುತ್ತವೆ. ಅನ್ನ ಹಾಕುವ ಐಟಂ ಕೆಳಗೆ ಎಲ್ಲೋ ಇರುತ್ತದೆ.

ಏಪ್ರಿಲ್‌ನಿಂದ ಜೂನ್‌ವರೆಗಿನ ಒಂದು ಶೀಟ್ ಹೀಗಿತ್ತು. ಲೆಕ್ಕ ಕೆಜಿಯಲ್ಲಿದೆ. ಅಂಕಿಗಳನ್ನು ಓದಲು ಸುಲಭವಾಗಲಿ ಅಂತ ಸ್ವಲ್ಪ ಸರಿಹೊಂದಿಸಿದ್ದೇನೆ, ಕಥೆ ಅದೇ.

| ಐಟಂ | ಹೋದ ವರ್ಷ | ಈ ವರ್ಷ | ಏರಿಕೆ |
|---|---|---|---|
| ಚಿಕೋರಿ ಬೆರೆಸಿದ ಪುಡಿ | 6,200 | 6,510 | 5% |
| ಚಿಕೋರಿ ಇಲ್ಲದ ಪುಡಿ | 1,500 | 1,590 | 6% |
| ಹುರಿದ ಬೀಜ | 400 | 380 | -5% |
| ಡ್ರಿಪ್ ಬ್ಯಾಗ್ | 9 | 63 | 600% |
| ಒಟ್ಟು | 8,109 | 8,543 | 5.4% |

ಡ್ರಿಪ್ ಬ್ಯಾಗ್ ಗೊತ್ತಲ್ವಾ? ಕಪ್ಪಿನ ಅಂಚಿಗೆ ಸಿಕ್ಕಿಸಿ ಮೇಲಿಂದ ಬಿಸಿನೀರು ಹುಯ್ಯುವ ಸಣ್ಣ ಚೀಲ. ನಮ್ಮದರಲ್ಲಿ ಒಂದೊಂದಕ್ಕೆ 10 ಗ್ರಾಂ ಪುಡಿ, ಡಬ್ಬಿಗೆ 10 ಚೀಲ. ಅಂದರೆ ಡಬ್ಬಿಗೆ 100 ಗ್ರಾಂ ಪುಡಿ.

ಮೀಟಿಂಗ್‌ನಲ್ಲಿ ನಮ್ಮ ಓನರ್ 600 ನೋಡಿದ್ದೇ ತಡ, "ಏನ್ರೀ ಇದು! ಇನ್ನೊಂದು ಪ್ಯಾಕಿಂಗ್ ಮೆಷಿನ್ ಹಾಕಿಬಿಡೋಣ" ಅಂದರು. ಸೇಲ್ಸ್‌ನವರ ಮುಖವೂ ಅರಳಿತು. ಚಿಕೋರಿ ಪುಡಿಯ 5% ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಲೆಕ್ಕ ತಪ್ಪಿರಲಿಲ್ಲ. 63ರಲ್ಲಿ 9 ಕಳೆದರೆ 54, ಅದನ್ನು 9ರಿಂದ ಭಾಗಿಸಿದರೆ 6, ಅಂದರೆ 600%. ಆಟವೆಲ್ಲ ಇರುವುದು ಕೆಳಗಿನ ಆ 9ರಲ್ಲಿ. ಕೆಳಗಿನ ಸಂಖ್ಯೆ 9 ಆಗಿದ್ದರೆ ಒಂದೇ ಒಂದು ಕೆಜಿ ಜಾಸ್ತಿ ಹೋದರೂ ಶೇ. 11 ಏರಿಕೆ. ಚಿಕೋರಿ ಪುಡಿಯಲ್ಲಿ ಅದೇ ಶೇ. 11 ಬೇಕೆಂದರೆ ಸುಮಾರು 690 ಕೆಜಿ ಹೆಚ್ಚಿಗೆ ಮಾರಬೇಕು. ಎರಡನ್ನೂ ಒಂದೇ ಕಾಲಂನಲ್ಲಿ ನಿಲ್ಲಿಸಿ ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಆವತ್ತು ನಾನು ಮೊದಲು ಮಾಡಿದ್ದು, ಆ ಶೀಟಿಗೇ ಇನ್ನೊಂದು ಕಾಲಂ ಸೇರಿಸಿದ್ದು. ಒಟ್ಟು ಏರಿಕೆಯಲ್ಲಿ ಯಾವ ಐಟಂನ ಪಾಲು ಎಷ್ಟು ಅನ್ನುವ ಕಾಲಂ. ಐಟಂನ ವ್ಯತ್ಯಾಸವನ್ನು ಅದರದೇ ಹೋದ ವರ್ಷದ ಅಂಕಿಯಿಂದ ಭಾಗಿಸುವ ಬದಲು, ಎಲ್ಲದರ ಒಟ್ಟು 8,109ರಿಂದ ಭಾಗಿಸಬೇಕು, ಅಷ್ಟೇ. ಚಿಕೋರಿ ಪುಡಿ 310 ಕೆಜಿ ಏರಿದೆ, ಅದರ ಪಾಲು 3.8. ಚಿಕೋರಿ ಇಲ್ಲದ್ದು 90 ಕೆಜಿ, ಪಾಲು 1.1. ಡ್ರಿಪ್ ಬ್ಯಾಗ್ 54 ಕೆಜಿ, ಪಾಲು 0.7. ಹುರಿದ ಬೀಜ 20 ಕೆಜಿ ಇಳಿದಿದೆ, ಮೈನಸ್ 0.2. ಎಲ್ಲ ಕೂಡಿಸಿದರೆ ಒಟ್ಟಿನ 5.4 ಬರುತ್ತದೆ. ಈ ಕಾಲಂನ ಚಂದ ಇರುವುದೇ ಅಲ್ಲಿ, ಕೂಡಿಸಬಹುದು. ಮಾಮೂಲಿ ಶೇಕಡಾ ಕಾಲಂನಲ್ಲಿ 5, 6, -5, 600 ಕೂಡಿಸಿ ನೋಡಿ, ಏನೂ ಸಿಗುವುದಿಲ್ಲ.

ಡ್ರಿಪ್ ಬ್ಯಾಗ್ ಕೆಜಿಗೆ ಸಿಗುವ ದುಡ್ಡು ಬೇರೆ ಪುಡಿಗಿಂತ ಜಾಸ್ತಿ. ಹಾಗಾಗಿ ಇದೇ ಲೆಕ್ಕವನ್ನು ರೂಪಾಯಿಯಲ್ಲೂ ಮಾಡಿದೆ. ಅದರ ಪಾಲು ಸ್ವಲ್ಪ ದಪ್ಪ ಆಯಿತು, ಆದರೂ ಮೊದಲನೇ ಸ್ಥಾನಕ್ಕೆ ಬರಲಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ "ಸಣ್ಣ ಐಟಂ, ಬಿಡಿ ಸರ್" ಅಂತ ಹೇಳಿ ಸುಮ್ನೆ ಆಗುವುದೂ ಸರಿಯಲ್ಲ. ಇವತ್ತಿನ ದೊಡ್ಡ ಐಟಂ ಕೂಡ ಒಂದು ಕಾಲಕ್ಕೆ 9 ಕೆಜಿ ಇದ್ದದ್ದೇ. ಆದ್ದರಿಂದ ಆ 9 ಯಾಕೆ 9 ಆಗಿತ್ತು, ಈ 63 ಎಲ್ಲಿಂದ ಬಂತು ಅಂತ ಬಿಲ್ ತೆಗೆದು ನೋಡಬೇಕು.

ಬಿಲ್ ನೋಡಿದಾಗ ಎರಡು ವಿಷಯ ಸಿಕ್ಕಿದವು. ಒಂದು, ಹೋದ ವರ್ಷ ನಾವು ಡ್ರಿಪ್ ಬ್ಯಾಗ್ ಶುರು ಮಾಡಿದ್ದೇ ಮೇ ಕೊನೆಯ ವಾರ. ಜೂನ್ ಮುಗಿಯುವ ಹೊತ್ತಿಗೆ ಅದು ಅಂಗಡಿಯಲ್ಲಿದ್ದದ್ದು ಐದು ವಾರ ಮಾತ್ರ. ಈ ವರ್ಷ ಪೂರ್ತಿ ಹದಿಮೂರು ವಾರ ಇತ್ತು. ಎರಡು, ಈ ವರ್ಷದ 63 ಕೆಜಿಯಲ್ಲಿ 40 ಕೆಜಿ ಒಂದೇ ಬಿಲ್. ಬೆಂಗಳೂರಿನ ಒಂದು ಆಫೀಸಿನವರು ಸಿಬ್ಬಂದಿಗೆ ಗಿಫ್ಟ್ ಕೊಡಲು 400 ಡಬ್ಬಿ ತರಿಸಿಕೊಂಡಿದ್ದರು.

ಈಗ ಲೆಕ್ಕ ಮತ್ತೆ ಹಾಕೋಣ. ಗಿಫ್ಟ್ ಆರ್ಡರ್ ಬದಿಗಿಟ್ಟರೆ ಈ ವರ್ಷ ಅಂಗಡಿಗಳಲ್ಲಿ ಹೋಗಿದ್ದು 23 ಕೆಜಿ. ಹದಿಮೂರು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 1.8 ಕೆಜಿ. ಹೋದ ವರ್ಷ 9 ಕೆಜಿಯನ್ನು ಐದು ವಾರಕ್ಕೆ ಹಂಚಿದರೆ? ಅದೂ ವಾರಕ್ಕೆ 1.8 ಕೆಜಿ.

600 ಪರ್ಸೆಂಟ್ ಏರಿದ ಐಟಂ, ಅಂಗಡಿಯ ಕಪಾಟಿನಲ್ಲಿ ಒಂದು ಚೂರೂ ಏರಿರಲಿಲ್ಲ ಮಾರಾಯ್ರೆ. ಮೆಷಿನ್ ಮಾತು ಅಲ್ಲಿಗೆ ತಣ್ಣಗಾಯಿತು. ಬದಲಿಗೆ ಗಿಫ್ಟ್ ಆರ್ಡರ್ ಹಿಡಿಯಲು ಇನ್ನೂ ನಾಲ್ಕು ಆಫೀಸಿಗೆ ಸ್ಯಾಂಪಲ್ ಕಳಿಸೋಣ ಅಂತ ಆಯಿತು. ಆ ಶೀಟಿನಿಂದ ಬಂದ ಉಪಯೋಗದ ಮಾತು ಅದೊಂದೇ ಅಂತ ನನಗನ್ನಿಸುತ್ತದೆ.

ಕೆಳಗಿನ ಸಂಖ್ಯೆ ಯಾವಾಗಲೂ ಹುಟ್ಟಿನಿಂದಲೇ ಸಣ್ಣದಿರುವುದಿಲ್ಲ. ಹೋದ ವರ್ಷ ಏನೋ ಎಡವಟ್ಟಾಗಿ ಬಿದ್ದಿರಬಹುದು. ಇದಕ್ಕೆ ನಾನು ಹೊಸಬರಿಗೆ ಹೇಳುವ ಉದಾಹರಣೆ ದೇಶದ ಕೈಗಾರಿಕಾ ಉತ್ಪಾದನೆ ಸೂಚ್ಯಂಕ, ಪೇಪರಿನಲ್ಲಿ ಐಐಪಿ ಅಂತ ಬರುತ್ತದಲ್ಲ, ಅದು. ಲಾಕ್‌ಡೌನ್ ಇದ್ದ 2020ರ ಏಪ್ರಿಲ್‌ನಲ್ಲಿ ಅದು 54.0ಕ್ಕೆ ಬಿದ್ದಿತ್ತು. 2021ರ ಏಪ್ರಿಲ್‌ನ ಮೊದಲ ಅಂದಾಜು 126.6. ಏರಿಕೆ ಎಷ್ಟು? ಶೇ. 134. ಆದರೆ 2019ರ ಏಪ್ರಿಲ್‌ನಲ್ಲೇ ಅದು 126.5 ಇತ್ತು. ಎರಡು ವರ್ಷದಲ್ಲಿ ಇದ್ದಲ್ಲೇ ಇದೆ. ಹೀಗಿದ್ದಾಗ ಬಿದ್ದ ವರ್ಷವನ್ನು ದಾಟಿ ಅದರ ಹಿಂದಿನ ವರ್ಷಕ್ಕೆ ಹೋಲಿಸಬೇಕು. ನಮ್ಮಲ್ಲೂ ಒಂದು ವರ್ಷ ಪ್ಯಾಕಿಂಗ್ ಕವರ್ ಸಿಗದೆ ಒಂದು ಸೈಜಿನ ಪುಡಿ ಹೆಚ್ಚುಕಡಿಮೆ ನಿಂತೇಹೋಗಿತ್ತು. ಮರುವರ್ಷ ಆ ಸೈಜು ಸಾರ್ಟ್ ಮಾಡಿದ ಕೂಡಲೇ ಮೊದಲ ಸಾಲಿಗೆ ಬಂತು. ಎರಡು ವರ್ಷದ ಹಿಂದಿನ ಅಂಕಿ ಪಕ್ಕದಲ್ಲಿಟ್ಟರೆ ಇನ್ನೂ ಕಡಿಮೆಯೇ ಇತ್ತು.

ಇದೆಲ್ಲ ಪ್ರತಿಸಲ ಕೈಯಲ್ಲಿ ನೋಡುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ಎಕ್ಸೆಲ್‌ನಲ್ಲೇ ಒಂದು ಬೇಲಿ ಹಾಕಿದ್ದೇನೆ. B ಕಾಲಂ ಹೋದ ವರ್ಷ, C ಈ ವರ್ಷ, 6ನೇ ಸಾಲು ಒಟ್ಟು.

```
=IF(B2<100,"ಹೊಸದು/ಸಣ್ಣದು",(C2-B2)/B2)
=(C2-B2)/B$6
```

ಮೊದಲನೆಯದು ಶೇಕಡಾ ಏರಿಕೆ. ಹೋದ ವರ್ಷ 100 ಕೆಜಿಗಿಂತ ಕಡಿಮೆ ಇದ್ದರೆ ಪರ್ಸೆಂಟ್ ಬರುವುದೇ ಇಲ್ಲ, ಆ ಜಾಗದಲ್ಲಿ ಅಕ್ಷರ ಬರುತ್ತದೆ. ಓದುವವರು ಆಗ 9, 63 ಅನ್ನುವ ಅಂಕಿಯನ್ನೇ ನೋಡಬೇಕಾಗುತ್ತದೆ. ಹೋದ ವರ್ಷ ಸೊನ್ನೆ ಇದ್ದಾಗ ಬರುವ `#DIV/0!` ಕಾಟವೂ ತಪ್ಪುತ್ತದೆ. 100 ಅನ್ನುವುದು ಶಾಸ್ತ್ರದ ಅಂಕಿ ಏನಲ್ಲ. ನಮ್ಮ ಒಟ್ಟು ಮಾರಾಟದ ನೂರಕ್ಕೆ ಒಂದಂಶದಷ್ಟು ಅಂತ ಇಟ್ಟುಕೊಂಡಿದ್ದು. ನಿಮ್ಮ ವ್ಯಾಪಾರಕ್ಕೆ ಬೇರೆ ಇರಬಹುದು. ಎರಡನೆಯದು ಆಗ ಹೇಳಿದ ಪಾಲಿನ ಕಾಲಂ. ಸಾರ್ಟ್ ಮಾಡುವುದಿದ್ದರೆ ಇದರ ಮೇಲೆ ಮಾಡಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.

ಬೇಲಿ ಹಾಕಿದ ಮೇಲೆ ಸೇಲ್ಸ್‌ನವರು ಸ್ವಲ್ಪ ಮುನಿಸಿಕೊಂಡರು. ಅವರ ಇನ್ಸೆಂಟಿವ್ ಏರಿಕೆಯ ಪರ್ಸೆಂಟ್ ಮೇಲೆ ಇತ್ತಲ್ಲ! ವರ್ಷಕ್ಕೆ 2 ಕೆಜಿ ತೆಗೆದುಕೊಳ್ಳುವ ಅಂಗಡಿಗೆ 7 ಕೆಜಿ ಹಾಕಿಬಂದರೆ 250% ಆಗುತ್ತದೆ. ದಿನಾ ಓಡುವ ದೊಡ್ಡ ಅಂಗಡಿಯಲ್ಲಿ ಅಷ್ಟು ತೆಗೆಯಲು ಯಾರಿಂದ ಆಗುತ್ತೆ? ಈಗ ಇನ್ಸೆಂಟಿವ್ ಕೆಜಿ ಲೆಕ್ಕಕ್ಕೆ ಬಂದಿದೆ. ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ತೋಟದವರಿಗೆ ಈ ಗೊಂದಲವೇ ಇಲ್ಲ ನೋಡಿ. ನಮಗೆ ಬೀಜ ಕೊಡುವ ಪ್ಲಾಂಟರ್‌ಗಳು ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುತ್ತಾರೆ. 100 ಸೆಂಟ್ಸ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ಜನವರಿಯಲ್ಲಿ ಹೋದ ವರ್ಷ 5 ಸೆಂಟ್ಸ್, ಈ ವರ್ಷ 60 ಸೆಂಟ್ಸ್ ಬಿದ್ದರೆ, "1,100 ಪರ್ಸೆಂಟ್ ಜಾಸ್ತಿ ಮಳೆ" ಅಂತ ಒಬ್ಬರೂ ಹೇಳುವುದಿಲ್ಲ. "ಅರವತ್ತು ಸೆಂಟ್ಸ್ ಹೊಡೀತು, ಕಣದಲ್ಲಿದ್ದ ಹಣ್ಣೆಲ್ಲ ನೆನೀತು" ಅನ್ನುತ್ತಾರೆ. ಅವರಿಗೆ ಬೇಕಾದದ್ದು ಮಳೆ ಎಷ್ಟು, ಅದು ಹೂವು ಬಿಡಿಸುತ್ತದೋ ಇಲ್ಲವೋ ಅನ್ನುವುದು. ಹವಾಮಾನ ಇಲಾಖೆಯವರೂ ಹೋದ ವರ್ಷ ಒಂದಕ್ಕೇ ಹೋಲಿಸುವುದಿಲ್ಲ, 1971ರಿಂದ 2020ರವರೆಗಿನ 50 ವರ್ಷದ ಸರಾಸರಿಗೆ ಹೋಲಿಸುತ್ತಾರೆ. ಆದರೂ ಜನವರಿಯಲ್ಲಿ ನಮ್ಮ ಕಡೆ ಆ ಸರಾಸರಿಯೇ ಬಹಳ ಕಡಿಮೆ. ಒಂದೇ ಒಂದು ಜೋರು ಮಳೆ ಬಿದ್ದರೆ ಸಾಕು, ಶೇ. 60 ದಾಟಿದರೆ ಕೊಡುವ 'ಅತಿ ಹೆಚ್ಚು' ಅನ್ನುವ ಹಣೆಪಟ್ಟಿ ಬಂದುಬಿಡುತ್ತದೆ. ಸರಾಸರಿ ತೆಗೆದ ಮಾತ್ರಕ್ಕೆ ಕೆಳಗಿನ ಸಂಖ್ಯೆ ದೊಡ್ಡದಾಗುವುದಿಲ್ಲ.

ಹಾಗಂತ ಸಣ್ಣ ಅಂಕಿಯಿಂದ ಏರಿದ್ದನ್ನೆಲ್ಲ ತಳ್ಳಿಹಾಕುವಂತಿಲ್ಲ. ಅರೇಬಿಕಾ ತೋಟದಲ್ಲಿ ಬೋರರ್ ಟ್ರೇಸಿಂಗ್ ಮಾಡುವಾಗ, ಅಂದರೆ ಕಾಂಡದ ಮೇಲೆ ಎದ್ದ ಗೆರೆ ನೋಡಿ ಬಿಳಿ ಕಾಂಡಕೊರಕ ಹಿಡಿದ ಗಿಡ ಹುಡುಕುವಾಗ, ಒಂದು ಬ್ಲಾಕಿನಲ್ಲಿ ಹೋದ ವರ್ಷ 2 ಗಿಡ ಸಿಕ್ಕಿತ್ತು, ಈ ವರ್ಷ 14 ಅಂದುಕೊಳ್ಳಿ. ಅದೂ 600 ಪರ್ಸೆಂಟೇ. ಆದರೆ ಇಲ್ಲಿ ಅದೇನು ಒಂದೇ ಆರ್ಡರ್‌ನಿಂದ ಬಂದದ್ದಲ್ಲ. ಒಂದು ಗಿಡದಿಂದ ಹೊರಬಂದ ದುಂಬಿಗಳು ಅಕ್ಕಪಕ್ಕದ ಗಿಡಕ್ಕೆ ಮೊಟ್ಟೆ ಇಡುತ್ತವೆ, ಇವತ್ತಿನ ಸಂಖ್ಯೆಯೇ ಮುಂದಿನ ಸಂಖ್ಯೆಯನ್ನು ಹುಟ್ಟಿಸುತ್ತದೆ. ಅಲ್ಲಿ 14 ಸಣ್ಣದು ಅಂತ ಬೇಲಿ ಹಾಕಿ ಕೂತರೆ ಬ್ಲಾಕೇ ಹೋಗುತ್ತದೆ. ಗಿಡ ಕಿತ್ತು ಸುಡುವುದೇ ಸರಿ. ಹಾಗಾಗಿ ಸಣ್ಣ ಅಂಕಿ ಸಿಕ್ಕಾಗ ನಾನು ಕೇಳಿಕೊಳ್ಳುವುದು ಒಂದೇ: ಇದು ತಾನಾಗಿ ಬೆಳೆಯುವ ಜಾತಿಯದೋ, ಒಬ್ಬ ಗಿರಾಕಿ ಬಂದು ಹೋದದ್ದೋ?

ಡ್ರಿಪ್ ಬ್ಯಾಗ್ ಲೆಕ್ಕಕ್ಕೆ ಇನ್ನೊಂದು ಬಾಲ ಇದೆ. ಈ ವರ್ಷದ 63 ಬರುವ ವರ್ಷ ಕೆಳಗಿನ ಸಂಖ್ಯೆ ಆಗುತ್ತದೆ. ಗಿಫ್ಟ್ ಆರ್ಡರ್ ಬರಲಿಲ್ಲ, ಅಂಗಡಿ ಮಾರಾಟ ಈಗಿನಷ್ಟೇ ನಡೆಯಿತು ಅಂದರೆ ಮತ್ತೆ 23 ಕೆಜಿ. ಆಗ ಆ ಸಾಲಿನಲ್ಲಿ ಶೇ. 63 ಇಳಿಕೆ ಕಾಣುತ್ತದೆ. ಬೇಲಿಯ ಸೂತ್ರ ಅದನ್ನು ಮುಚ್ಚುತ್ತದೆ, ಆದರೆ ಯಾರೋ ಒಬ್ಬರು ಮೊಬೈಲ್ ಕ್ಯಾಲ್ಕುಲೇಟರ್ ತೆಗೆದೇ ತೆಗೆಯುತ್ತಾರೆ. ಡ್ರಿಪ್ ಬ್ಯಾಗ್ ಬಿದ್ದುಹೋಯಿತು, ನಿಲ್ಲಿಸಿಬಿಡೋಣ ಅನ್ನುವ ಮಾತು ಬರುವುದು ಗ್ಯಾರಂಟಿ. ಅದಕ್ಕೆ ಶೀಟಿನ ಷರಾ ಕಾಲಂನಲ್ಲಿ ಈಗಲೇ ಬರೆದಿಟ್ಟಿದ್ದೇನೆ: "63ರಲ್ಲಿ 40 ಒಂದೇ ಗಿಫ್ಟ್ ಆರ್ಡರ್. ಅಂಗಡಿ ಮಾರಾಟ 23."