ಅರ್ಧ ಕೆಜಿ ಬೆಲ್ಲ, ಒಂದು ಚೀಟಿ

ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ದುಡಿದವರಿಗೆ ಇವತ್ತು ಅರ್ಧರ್ಧ ಕೆಜಿ ಅಚ್ಚುಬೆಲ್ಲ ಹಂಚಿದೆವು. ಮಂಡ್ಯದಲ್ಲಿ ಬೆಲ್ಲ ಕೊಡೋದಾ ಅಂತ ನಗಬೇಡಿ. ಹೋದ ವರ್ಷ ಕೊಟ್ಟ ಫಲಕದಲ್ಲಿ ಕಾಸು ಕೊಟ್ಟವರ ಹೆಸರು ದಪ್ಪಗಿತ್ತು, ದುಡಿದವರ ಹೆಸರೇ ಇರಲಿಲ್ಲ. ನಂದು ಈಗ ಸಿಲಿಂಡರ್ ಹಿಂದೆ ಬಿದ್ದಿದೆ.

ಈ ಸಲ ಪ್ರತಿ ಪೊಟ್ಟಣಕ್ಕೂ ಕೈಯಲ್ಲಿ ಬರೆದ ಚೀಟಿ. ಸುಮ್ನೆ 'ಧನ್ಯವಾದ' ಅಲ್ಲ, ಅವರು ಮಾಡಿದ ಒಂದು ಕೆಲಸ ಬರೆಯಬೇಕು. 22 ಚೀಟಿ. ಐದನೆಯದಕ್ಕೇ ಪೆನ್ನು ನಿಂತಿತು. ಆ ಹುಡುಗ ಏನು ಮಾಡಿದ್ದ ಅಂತ ನನಗೆ ಗೊತ್ತೇ ಇರಲಿಲ್ಲ! ಅಡುಗೆಯವರಿಗೆ ಫೋನ್ ಮಾಡಿದೆ. "ಅವ್ನಾ? ಸಾರು ಸಾಲ್ದು ಅಂದಾಗ ಎರಡನೇ ಪಂಕ್ತಿಯವ್ರನ್ನ ಮಾತಾಡ್ಸ್ತಾ ಅರ್ಧ ಗಂಟೆ ನಿಲ್ಸಿದ್ದು ಅವ್ನೇ." ಅದನ್ನೇ ಬರೆದೆ.

ಆದರೂ ಎಡವಿದೆವು. ಹೆಸರಿನ ಪಟ್ಟಿ ಮಾಡಿದ್ದು ವಾಟ್ಸಾಪ್ ಗ್ರೂಪ್ ನೋಡಿ. ಎಂಜಲೆಲೆ ಎತ್ತಿದ ತಾತನ ಹತ್ರ ಫೋನೇ ಇಲ್ಲ. ಹಂಚಿ ಮುಗಿಯುವಾಗ ಅವರು ಚಪ್ಪಲಿ ಹುಡುಕುತ್ತಾ ನಿಂತಿದ್ದರು. ನನ್ನ ಪೊಟ್ಟಣ ಎತ್ತಿಟ್ಟು, ಆಟೋ ಸೀಟಿನ ಮೇಲೆ ಕಾಗದ ಇಟ್ಟು ಬರೆದೆ: 'ಎಂಬತ್ತು ಎಲೆ ಎತ್ತಿ, ನೆಲ ತೊಳೆದು, ಕಡೆಗೆ ಊಟಕ್ಕೆ ಕೂತವರು.'

ತಾತ ಬೆಲ್ಲವನ್ನು ಮೊಮ್ಮಗಳ ಕೈಗಿಟ್ಟು ಚೀಟಿ ಮಾತ್ರ ತಾವೇ ಹಿಡಿದುಕೊಂಡರು. "ಏನ್ ಬರ್ದವ್ರೆ, ಓದು ಮಗ."

ಅವಳು ಓದಿದಳು.

"ಎಂಬತ್ತಲ್ಲ ಕಣಪ್ಪ, ನೂರರ ಮೇಲಿತ್ತು" ಅಂದರು.

ತಿದ್ದಿ ಕೊಟ್ಟೆ.