ಚೀಟಿ ತುಂಬದೇ ಹೋದವರು

ವಿಜಯಪುರದಾಗ ನಮ್ಮ ಕಾಕಾನ ಖಾನಾವಳಿ ಅದ. ಗಲ್ಲಾದ ಮ್ಯಾಲೆ ಇಟ್ಟ ಅಭಿಪ್ರಾಯದ ಚೀಟಿ ಓದಿ ಕಾಕಾ ಕುಗ್ಗಿ ಹೋಗ್ಯಾರ: "ನೂರಕ್ಕ ನಲವತ್ತು ಮಂದಿ ಬೈದಾರಲ್ಲೋ!"

ಹಂಗಲ್ಲ ಅದು. ಸಾವಿರ ಮಂದಿ ಉಂಡ್ರು ಅಂತ ಇಟ್ಕೊಳ್ರಿ. ಸಿಟ್ಟಾದವರು 40, ಭಾಳ ಖುಷಿಯಾದವರು 100. ಉಳಿದ 860 ಮಂದಿ ಜ್ವಾಳದ ರೊಟ್ಟಿ, ಎಣಗಾಯಿ ಉಂಡು, ಬಡೇಸೋಪು ಬಾಯಿಗೆ ಹಾಕ್ಕೊಂಡು ಸುಮ್ಮನ ಹೋದವರು. ಸಿಟ್ಟಾದವರೊಳಗ ಅರ್ಧ, ಅಂದ್ರ 20 ಮಂದಿ ಚೀಟಿ ತುಂಬತಾರ. ಖುಷಿಯಾದವರೊಳಗ 20, ಸುಮ್ಮನ ಹೋದವರೊಳಗ ಬರೇ 10. ಒಟ್ಟು 50 ಚೀಟಿಯೊಳಗ 20 ಬೈಗುಳ. ಖರೇ ಸಿಟ್ಟು ಶೇ. 4, ಚೀಟಿಯೊಳಗ ಶೇ. 40!

ಚೀಟಿ ಐದುನೂರಾದ್ರೂ ಇದು ಸರಿಹೋಗಂಗಿಲ್ಲ, ಯಾಕಂದ್ರ ತುಂಬೋದು ಅದೇ ಥರದ ಮಂದಿ. ಸ್ಟಾರು ಕೊಡೋ ಕಡೆನೂ ಹಂಗೇ: ಒಂದು ಸ್ಟಾರು, ಐದು ಸ್ಟಾರು ರಾಶಿ ಬಿದ್ದು ನಡುವಿನ ಎರಡು, ಮೂರು, ನಾಕು ಖಾಲಿ ಕಂಡ್ರ ಸಂಶಯ ಪಡ್ರಿ.

ಅದಕ್ಕ ಕಾಕಾಗ ಹೇಳೇನಿ: ಪ್ರತಿ 25ನೇ ಬಿಲ್ಲಿನವರನ್ನ, ಮಾರಿ ನೋಡಿ ಆರಿಸದಂಗ, ನೀವೇ ಕೇಳ್ರಿ. ಎದುರಿಗೆ ಕೇಳಿದ್ರ ಮಂದಿ ದಾಕ್ಷಿಣ್ಯಕ್ಕ "ಚಲೋ ಇತ್ರಿ" ಅಂತಾರ, ಹಂಗಾಗಿ ತಾಟಿನಾಗ ಏನು ಉಳಿದದ ಅದನ್ನೂ ಬರ್ಕೊಳ್ರಿ. ಬೈದ ಆ 20 ಚೀಟಿನೂ ಒಗೀಬ್ಯಾಡ್ರಿ. ಎಷ್ಟು ಮಂದಿಗೆ ಸಿಟ್ಟು ಅಂತ ಅವು ಹೇಳಂಗಿಲ್ಲ, ಯಾಕ ಸಿಟ್ಟು ಅನ್ನೋದು ಮಾತ್ರ ಅದರಾಗೇ ಅದ.