ಟಿಎಸ್‌ಎಚ್ 9.6 ಬಂದರೂ ಡೋಸ್ ಏರಿಸದ ದಿನ

ರಿಪೋರ್ಟ್‌ನಲ್ಲಿ ಟಿಎಸ್‌ಎಚ್ 9.6, ಮಿತಿಗಿಂತ ಹೆಚ್ಚೆಂದು ದಪ್ಪಕ್ಷರದಲ್ಲಿ. ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನ್, ಅಂದರೆ ಫ್ರೀ ಟಿ4 ಮಾತ್ರ 0.9, ಲ್ಯಾಬಿನ ಮಿತಿಯೊಳಗೇ ಇತ್ತು. ಐವತ್ತು ದಾಟಿದ ಆ ತಾಯಿ ಕೂರುವ ಮೊದಲೇ ಕೇಳಿದರು: "ಡಾಕ್ಟ್ರೇ, ನೂರರ ಥೈರಾಯ್ಡ್ ಮಾತ್ರೆ ಸಾಲ್ತಿಲ್ಲ ಅನ್ಸುತ್ತೆ. ನೂರಿಪ್ಪತ್ತೈದು ಬರ್ದುಕೊಡ್ತೀರಾ?"

ಕೇಳಿದ್ದು ತಪ್ಪಲ್ಲ. ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಹಾರ್ಮೋನ್ ಹೆಚ್ಚಾಯಿತೆಂದು ಮಾತ್ರೆಯನ್ನೇ ಬಿಟ್ಟುಬಿಡುವವರಿಗಿಂತ ಇವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. ಹಾರ್ಮೋನ್ ತಯಾರಿಸು ಎಂದು ಥೈರಾಯ್ಡ್‌ಗೆ ಹೇಳುವ ಟಿಎಸ್‌ಎಚ್ ಬರುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ. ರಕ್ತದಲ್ಲಿ ಟಿ4 ಸ್ವಲ್ಪ ಇಳಿದರೂ ಅದು ಟಿಎಸ್‌ಎಚ್ ಅನ್ನು ಹಲವು ಪಟ್ಟು ಏರಿಸುತ್ತದೆ. ಹಾಗಾಗಿ ಟಿ4 ಮಿತಿಯೊಳಗೆ ಕಂಡರೂ ಇವರ ಮೈಗೆ ಅದು ಕಡಿಮೆಯೇ.

ಆದರೆ ಇದೇ 100 ಮೈಕ್ರೋಗ್ರಾಂನಲ್ಲಿ ಹಿಂದಿನ ವರ್ಷ ಅವರ ಟಿಎಸ್‌ಎಚ್ 2.4 ಇತ್ತು. ತೂಕ ಬದಲಾಗಿಲ್ಲ, ಮಾತ್ರೆ ತಪ್ಪಿಸಿಯೂ ಇಲ್ಲ. ಹೊಸದಾಗಿ ಏನಾದರೂ ಶುರುವಾಗಿದೆಯೇ ಎಂದು ಕೇಳಿದಾಗ ಚೀಲದಿಂದ ಕ್ಯಾಲ್ಸಿಯಂ ಸ್ಟ್ರಿಪ್ ಹೊರಬಂತು. ಮೂಳೆ ಡಾಕ್ಟರು ಬರೆದದ್ದು. "ಮರೆತುಹೋಗುತ್ತೆ ಅಂತ ಎರಡನ್ನೂ ಬೆಳಿಗ್ಗೆ ಒಟ್ಟಿಗೇ ನುಂಗ್ತೀನಿ."

ಕರುಳಿನಲ್ಲಿ ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಗೆ ಅಂಟಿಕೊಳ್ಳುತ್ತದೆ, ಒಂದು ಪಾಲು ರಕ್ತಕ್ಕೆ ಸೇರದೆ ಹಾಗೇ ಹೊರಹೋಗುತ್ತದೆ. ಕಬ್ಬಿಣದ ಮಾತ್ರೆಯದೂ ಇದೇ ಕಥೆ. ಇಂಥಲ್ಲಿ ಡೋಸ್ ಏರಿಸಿದರೆ ಅಂಕಿ ಸರಿಹೋಗುತ್ತದೆ, ನಿಜ. ಮುಂದೆ ಕ್ಯಾಲ್ಸಿಯಂ ನಿಲ್ಲಿಸಿದ ದಿನದಿಂದ ಆ 125 ಪೂರ್ತಿ ಮೈಗೆ ಸೇರಲು ಶುರುವಾಗಿ ಟಿಎಸ್‌ಎಚ್ ಮಿತಿಗಿಂತ ಕೆಳಗೆ ಜಾರಬಹುದು. ಎದೆ ಡವಗುಟ್ಟುವುದು, ಕೈ ನಡುಗುವುದು, ತಿಂಗಳುಗಟ್ಟಲೆ ಹಾಗೇ ಮುಂದುವರಿದರೆ ಮೂಳೆ ಸವೆಯುವುದು. ಮೂಳೆಗೆಂದೇ ಕ್ಯಾಲ್ಸಿಯಂ ತಿನ್ನುತ್ತಿದ್ದವರಿಗೆ ಇದಕ್ಕಿಂತ ಕೆಟ್ಟ ಲೆಕ್ಕ ಬೇರೆ ಬೇಕೇ?

ಹಾಗಾಗಿ ಬದಲಾಗಿದ್ದು ಹೊತ್ತು ಮಾತ್ರ. ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ನೀರಿನ ಜೊತೆ, ಕಾಫಿ ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಎರಡರ ನಡುವೆ ಕನಿಷ್ಠ 4 ಗಂಟೆ ಬೇಕು.

"ಹದಿನೈದು ದಿನ ಬಿಟ್ಟು ಟೆಸ್ಟ್ ಮಾಡಿಸ್ಲಾ?" ಬೇಡ. ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಹೊಸ ಮಟ್ಟ ನೆಲೆನಿಂತು, ಪಿಟ್ಯುಟರಿ ಅದಕ್ಕೆ ಹೊಂದಿಕೊಳ್ಳಲು 6ರಿಂದ 8 ವಾರ. ನಡುವೆ ನೋಡಿದರೆ ಅರ್ಧದಾರಿಯ ಅಂಕಿ ಸಿಗುತ್ತದೆ, ಅದನ್ನು ನಂಬಿ ಡೋಸ್ ಏರಿಸಿದರೆ ಮತ್ತೆ ಇಳಿಸಬೇಕಾಗುತ್ತದೆ. ಟೆಸ್ಟ್ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಬೇಕು, ಮೊದಲೇ ನುಂಗಿದರೆ ಕೆಲ ಗಂಟೆ ಫ್ರೀ ಟಿ4 ಏರಿ ಕಾಣುತ್ತದೆ.

ಎಂಟನೇ ವಾರದ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ 2.9. ಆಗಲೂ 7ರ ಆಸುಪಾಸಿನಲ್ಲೇ ನಿಂತಿದ್ದರೆ 12.5 ಅಥವಾ 25 ಮೈಕ್ರೋಗ್ರಾಂ ಸೇರಿಸಿ, ಮತ್ತೆ ಅಷ್ಟೇ ವಾರ ಕಾಯಬೇಕಿತ್ತು.